ಜೂನಿಯರ್ ಮೊಬೈಲ್ ಗೇಮ್ ಟೆಸ್ಟರ್ ಕೆಲಸಕ್ಕೆ ಅರ್ಜಿ

ನೇಮಕಾತಿ ತಂಡದವರಿಗೆ ನಮಸ್ಕಾರ,

ಜೂನಿಯರ್ ಮೊಬೈಲ್ ಗೇಮ್ ಟೆಸ್ಟರ್ ಬೇಕು ಅಂತ ನೀವು ಹಾಕಿದ್ದ ಪ್ರಕಟಣೆ ನೋಡಿ ಬರೆಯುತ್ತಿದ್ದೇನೆ. ಈ ವರ್ಷ ಕಂಪ್ಯೂಟರ್ ಸೈನ್ಸ್‌ನಲ್ಲಿ ಡಿಗ್ರಿ ಮುಗಿಸಿದ್ದೇನೆ. ಸಂಬಳಕ್ಕೆ ಇನ್ನೂ ಎಲ್ಲೂ ಕೆಲಸ ಮಾಡಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮೂರು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಗೇಮ್‌ಗಳ ಬೀಟಾ ಹಾಕಿಕೊಂಡು, ಬಗ್ ಹುಡುಕಿ, ಗೇಮ್ ಮಾಡಿದವರಿಗೆ ಬರೆದು ಕಳಿಸುತ್ತಾ ಬಂದಿದ್ದೇನೆ. ಒಟ್ಟು 41 ರಿಪೋರ್ಟ್. ಅದರಲ್ಲಿ 23 ಬಗ್‌ಗಳನ್ನು ಅವರು ಸರಿ ಮಾಡಿದ್ದಾರೆ. 9ನ್ನು 'ಇದು ಮೊದಲೇ ಗೊತ್ತಿತ್ತು' ಅಂತ ಮುಚ್ಚಿದರು. ಉಳಿದ 9ಕ್ಕೆ ಉತ್ತರವೇ ಬಂದಿಲ್ಲ, ಈಗ ತೆಗೆದು ಓದಿದರೆ ಯಾಕೆ ಬಂದಿಲ್ಲ ಅಂತ ನನಗೇ ಗೊತ್ತಾಗುತ್ತದೆ.

ನನ್ನ ಮೊದಲ ರಿಪೋರ್ಟ್ ಇಷ್ಟೇ ಇತ್ತು: 'ಜಾಹೀರಾತು ಪೂರ್ತಿ ನೋಡಿದರೂ ನಾಣ್ಯ ಬರ್ತಿಲ್ಲ, ಬೇಗ ಸರಿ ಮಾಡಿ.' ಅದು ಇಬ್ಬರೇ ಸೇರಿ ಮಾಡುತ್ತಿದ್ದ ಸಣ್ಣ ಓಟದ ಗೇಮ್. 'ನಮ್ಮ ಫೋನಲ್ಲಿ ಬರ್ತಿದೆಯಲ್ಲ' ಅಂತ ಅವರ ಉತ್ತರ ಬಂತು. ನನಗೆ ಸಿಟ್ಟು ಬಂತು, ಅವರು ಹೇಳಿದ್ದು ನಿಜವೇ ಆಗಿತ್ತು ಅನ್ನೋದು ಬೇರೆ ಮಾತು. ನನಗೂ ಕೆಲವು ಸಲ ನಾಣ್ಯ ಬರುತ್ತಿತ್ತು, ಕೆಲವು ಸಲ ಇಲ್ಲ. ಹಾಗಾಗಿ ಲೆಕ್ಕ ಇಡೋಕೆ ಶುರು ಮಾಡಿದೆ. ನನ್ನ 3 ಜಿಬಿ ರ‍್ಯಾಮ್‌ನ ಹಳೇ ಫೋನಲ್ಲಿ 20 ಸಲ ನೋಡಿದರೆ 6 ಸಲ ನಾಣ್ಯ ಮಾಯ. ಅಣ್ಣನ ಹೊಸ ಫೋನಲ್ಲಿ 20ಕ್ಕೆ ಸೊನ್ನೆ. ಅಂದರೆ ಮೆಮೊರಿಯ ತೊಂದರೆ ಇರಬಹುದು ಅನ್ನಿಸಿತು. ಜಾಹೀರಾತು ಮುಂದೆ ಬಂದಾಗ ಹಿಂದೆ ಉಳಿದ ಗೇಮ್ ಪರದೆಯನ್ನು ಆಂಡ್ರಾಯ್ಡ್ ತೆಗೆದುಹಾಕುತ್ತಿದೆಯಾ ಅಂತ ನೋಡಲು ಡೆವಲಪರ್ ಆಯ್ಕೆಗಳಿಗೆ ಹೋಗಿ Don't keep activities ಆನ್ ಮಾಡಿದೆ. ಅದು ಆನ್ ಇದ್ದರೆ ಬಳಕೆದಾರ ಪರದೆ ಬಿಟ್ಟ ಕೂಡಲೇ ಅದು ನಾಶವಾಗುತ್ತದೆ. ಈಗ ಅಣ್ಣನ ಫೋನಲ್ಲೂ 10ಕ್ಕೆ 10 ಸಲ ನಾಣ್ಯ ಹೋಯಿತು!

ಜೊತೆಗೆ ಲಾಗ್ ಹಿಡಿದು ಕಳಿಸಿದೆ:

```
adb logcat -v time > log.txt
```

ಮಾರನೇ ದಿನವೇ ಸರಿಯಾಯಿತು. ಬಹುಮಾನದ ವಿವರವನ್ನು ಆ ಪರದೆಯ ಮೆಮೊರಿಯಲ್ಲಿ ಮಾತ್ರ ಇಟ್ಟಿದ್ದರಂತೆ, ಪರದೆ ಹೋದ ಮೇಲೆ ಅದೂ ಹೋಗುತ್ತಿತ್ತು. ಬಗ್ ಕಂಡುಹಿಡಿಯೋದು ಅರ್ಧ ಕೆಲಸ ಕೂಡ ಅಲ್ಲ, ನನ್ನ ಕೈಯಲ್ಲಿ ಆದದ್ದು ಕೋಡ್ ಬರೆದವರ ಮೇಜಿನ ಮೇಲಿರುವ ಫೋನಲ್ಲೂ ಆಗಬೇಕು, ಇಲ್ಲದಿದ್ದರೆ ಅದು ಬರೀ ದೂರು. ಅಲ್ಲಿಂದ ಮುಂದೆ ನನ್ನ ಎಲ್ಲ ರಿಪೋರ್ಟ್‌ನಲ್ಲೂ ಫೋನ್ ಮಾಡೆಲ್, ಓಎಸ್ ಆವೃತ್ತಿ, ಬಿಲ್ಡ್ ನಂಬರ್, ಹೆಜ್ಜೆಗಳು, ಎಷ್ಟರಲ್ಲಿ ಎಷ್ಟು ಸಲ ಆಯಿತು ಅನ್ನೋದು ಇರುತ್ತದೆ.

ಅರ್ಜಿ ಹಾಕುವ ಮೊದಲು ನಿಮ್ಮ ಪಝಲ್ ಗೇಮನ್ನು ಹನ್ನೊಂದು ದಿನ ಆಡಿದೆ. (ಲೆವೆಲ್ 64ರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದು ಬಗ್ ಅಲ್ಲ, ನನ್ನ ತಲೆ.) ಒಂದು ವಿಷಯ ಸಿಕ್ಕಿತು, ನನ್ನ ಕೆಲಸ ಹೇಗಿರುತ್ತದೆ ಅಂತ ಸುಮ್ನೆ ಹೊಗಳಿಕೊಳ್ಳೋ ಬದಲು ಅದನ್ನೇ ಇಲ್ಲಿ ಬರೆಯುತ್ತೇನೆ.

ಶೀರ್ಷಿಕೆ: ಫೋನ್ ದಿನಾಂಕ ಮುಂದೆ ಹಾಕಿ ವಾಪಸ್ ತಂದರೆ ದಿನದ ಉಡುಗೊರೆಗೆ ಸುಮಾರು 48 ಗಂಟೆ ಕಾಯಬೇಕಾಗುತ್ತದೆ.
ಹೆಜ್ಜೆಗಳು: ಇವತ್ತಿನ ಉಡುಗೊರೆ ತೆಗೆದುಕೊಂಡು ಗೇಮ್ ಮುಚ್ಚಿ. ಫೋನಿನ ದಿನಾಂಕವನ್ನು ಕೈಯಾರೆ ಒಂದು ದಿನ ಮುಂದೆ ಹಾಕಿ. ಗೇಮ್ ತೆರೆದು ಮತ್ತೆ ಉಡುಗೊರೆ ತೆಗೆದುಕೊಳ್ಳಿ. ದಿನಾಂಕ ಸರಿ ಮಾಡಿ, ಗೇಮ್ ಮತ್ತೆ ತೆರೆಯಿರಿ.
ಆಗಬೇಕಾದದ್ದು: ಎರಡನೇ ಉಡುಗೊರೆ ಸಿಗಬಾರದು.
ಆಗುತ್ತಿರುವುದು: ಸಿಗುತ್ತದೆ. ದಿನಾಂಕ ಸರಿ ಮಾಡಿದ ಮೇಲೆ ಟೈಮರ್ 47 ಗಂಟೆ 50 ನಿಮಿಷದ ಆಸುಪಾಸು ತೋರಿಸುತ್ತದೆ.
ಎಷ್ಟು ಸಲ: 5ಕ್ಕೆ 5, ಎರಡು ಆಂಡ್ರಾಯ್ಡ್ ಫೋನಲ್ಲಿ.

ಇದನ್ನು ನೋಡಿದ ಕೂಡಲೇ 'ದೊಡ್ಡ ಬಗ್' ಅಂತ ಬರೆಯೋ ಆಸೆ ಆಯಿತು, ನಿಜ. ಆದರೆ ಮೋಸ ಮಾಡದ ಆಟಗಾರರಿಗೆ ಇದು ತಟ್ಟುತ್ತದೆಯಾ ಅನ್ನೋದು ಮುಖ್ಯ ಅಲ್ವಾ? ದಿನಾಂಕ ಮುಟ್ಟದೆ ಟೈಮ್ ಝೋನ್ ಮಾತ್ರ ಬದಲಾಯಿಸಿ ನೋಡಿದೆ. ಟೈಮರ್ ಅಲುಗಾಡಲಿಲ್ಲ. ಅಂದರೆ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋದವರಿಗೆ ಏನೂ ಆಗುವುದಿಲ್ಲ, ಗಡಿಯಾರ ತಿರುಗಿಸಿದವರಿಗೆ ಒಂದು ಉಡುಗೊರೆ ಬೇಗ ಸಿಕ್ಕಿ ಆಮೇಲೆ ಕಾಯುವ ಶಿಕ್ಷೆ ಬೀಳುತ್ತದೆ. ಬಹುಶಃ ನೀವೇ ಬೇಕಂತ ಹಾಗೆ ಇಟ್ಟಿರಬಹುದು. ನಾನಾಗಿದ್ದರೆ ಕಡಿಮೆ ತೀವ್ರತೆ ಅಂತ ಗುರುತು ಹಾಕಿ ಡಿಸೈನರ್ ಹತ್ತಿರ ಒಂದು ಮಾತು ಕೇಳುತ್ತಿದ್ದೆ.

ಕಾಲೇಜಿನ ಕೊನೇ ವರ್ಷ ನಾವು ನಾಲ್ವರು ಸೇರಿ ಯುನಿಟಿಯಲ್ಲಿ ಒಂದು ಚಿಕ್ಕ ಗೇಮ್ ಮಾಡಿದೆವು. ಟೆಸ್ಟಿಂಗ್ ಯಾರಿಗೂ ಬೇಡವಾಗಿತ್ತು, ನಾನು ಖುಷಿಯಿಂದ ತೆಗೆದುಕೊಂಡೆ. ಅಲ್ಲಿ ನೆನಪಲ್ಲಿ ಉಳಿದದ್ದು ಕನ್ನಡದ್ದೇ ತೊಂದರೆ: ಪರದೆಯ ಮೇಲೆ ಒತ್ತಕ್ಷರಗಳು ಒಡೆದು 'ಶಕ್ತಿ' ಅನ್ನೋದು 'ಶಕ್‌ತಿ' ಅಂತ ಕಾಣುತ್ತಿತ್ತು. ಫಾಂಟ್ ಬದಲಾಯಿಸಿದರೂ ಹೋಗಲಿಲ್ಲ. ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಆ ಟೆಕ್ಸ್ಟ್ ಕಾಂಪೊನೆಂಟ್ ಮಾಡುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಭಾಷೆ ಗೊತ್ತಿಲ್ಲದವರ ಕಣ್ಣಿಗೆ ಆ ಪರದೆ ಸರಿಯಾಗೇ ಕಾಣುತ್ತದೆ. ನಿಮ್ಮ ಪ್ರಕಟಣೆಯಲ್ಲಿ ಹೊಸ ಭಾಷೆಗಳನ್ನು ಸೇರಿಸುವ ಮಾತಿತ್ತು, ಅದಕ್ಕೇ ಇದನ್ನು ಹೇಳಿದೆ.

ಬರದೇ ಇರುವುದೂ ಇದೆ. ಐಫೋನ್ ನನ್ನ ಹತ್ತಿರ ಇಲ್ಲ. ಗೆಳತಿಯ ಫೋನಲ್ಲಿ ಟೆಸ್ಟ್‌ಫ್ಲೈಟ್ ಮೂಲಕ ಎರಡು ಗೇಮ್ ನೋಡಿದ್ದೇನೆ, ಅವಳು ಫೋನ್ ಕೊಟ್ಟಾಗ ಮಾತ್ರ. ಒಂದು ಸಲ ಕೊಡುವಷ್ಟರಲ್ಲಿ ಬಿಲ್ಡ್‌ನ 90 ದಿನದ ಅವಧಿಯೇ ಮುಗಿದಿತ್ತು. ಆಟೊಮೇಷನ್‌ನಲ್ಲಿ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆಯಬಲ್ಲೆ, ಅದಕ್ಕಿಂತ ಜಾಸ್ತಿ ಇಲ್ಲ. ಜಿರಾವನ್ನು ಕಾಲೇಜು ಪ್ರಾಜೆಕ್ಟ್‌ನಲ್ಲಿ ಬಳಸಿದ್ದು ಬಿಟ್ಟರೆ ದೊಡ್ಡ ತಂಡದಲ್ಲಿ ಬಳಸಿ ಗೊತ್ತಿಲ್ಲ.

ಗೇಮ್ ಟೆಸ್ಟರ್ ಅಂದರೆ ದಿನವಿಡೀ ಆಟ ಆಡೋದು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಒಂದೇ ಲೆವೆಲನ್ನು ನಲವತ್ತು ಸಲ, ಪ್ರತಿ ಸಲ ಬೇರೆ ಕಡೆ ನೆಟ್ ಕಡಿದು, ಕರೆ ಮಾಡಿಸಿ, ಪರದೆ ತಿರುಗಿಸಿ, ಬ್ಯಾಟರಿ ಸೇವರ್ ಹಾಕಿ ನೋಡುವುದು ಅಂತ ನನಗೆ ಗೊತ್ತು. ಹೊಸ ಬಿಲ್ಡ್ ಬಂದರೆ ನಿನ್ನೆ ಪಾಸಾದದ್ದನ್ನೇ ಇವತ್ತು ಮತ್ತೆ ನೋಡಬೇಕು. ಬೇಜಾರಾಗಲ್ಲ ಅಂತ ಸುಳ್ಳು ಹೇಳಲ್ಲ. ಬೇಜಾರಾದಾಗ ಬಗ್ ಕಣ್ತಪ್ಪಿ ಹೋಗುತ್ತದೆ, ಅದಕ್ಕೆ ಚೆಕ್‌ಲಿಸ್ಟ್ ಮುಂದಿಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಎದ್ದು ಬಂದು ಕೂರುವ ಅಭ್ಯಾಸ ಮಾಡಿಕೊಂಡಿದ್ದೇನೆ.

ರೆಸ್ಯೂಮೆ ಜೊತೆಗೆ ನನ್ನ ಆರು ರಿಪೋರ್ಟ್‌ಗಳನ್ನು ಲಗತ್ತಿಸಿದ್ದೇನೆ. ನಾಲ್ಕು ಚೆನ್ನಾಗಿವೆ, ಎರಡು ಹಳೆಯವು, ಕೆಟ್ಟದಾಗಿವೆ, ವ್ಯತ್ಯಾಸ ಕಾಣಲಿ ಅಂತ ಬೇಕಂತಲೇ ಇಟ್ಟಿದ್ದೇನೆ. ಪರೀಕ್ಷೆಗೆ ಯಾವುದಾದರೂ ಬಿಲ್ಡ್ ಕೊಟ್ಟರೆ ಎರಡು ದಿನದಲ್ಲಿ ರಿಪೋರ್ಟ್ ಮಾಡಿ ಕಳಿಸುತ್ತೇನೆ. ಕರೆ ಮಾಡಲು ಬೆಳಗ್ಗೆ 10ರ ಮೇಲೆ ಯಾವಾಗ ಆದರೂ ಸರಿ, ನಂಬರ್ ರೆಸ್ಯೂಮೆಯಲ್ಲಿದೆ. ಕೆಲಸಕ್ಕೆ ಮುಂದಿನ ಸೋಮವಾರದಿಂದಲೇ ಸೇರಬಲ್ಲೆ.

ಇಂತಿ,
ಸಂಜನಾ