ಬುಟ್ಟಿಯಲ್ಲಿ ಬಿಟ್ಟ ಸೀರೆಯ ಮೇಲ್: ಹೊಸ ಕರಡು

ಅಕ್ಕ, ನಮಸ್ಕಾರ.

ಬುಟ್ಟಿಗೆ ಸೀರೆ ಹಾಕಿ ಕೊಳ್ಳದೆ ಹೋದವರಿಗೆ ನಮ್ಮಿಂದ ಹೋಗುವ ಮೇಲ್ ತಿದ್ದಿದ್ದೇನೆ. ಈಗ ಹೋಗುತ್ತಿರುವುದು ಇದು:

> ಅಯ್ಯೋ! ನಿಮ್ಮ ಸೀರೆ ಅಳ್ತಾ ಇದೆ 😢
> ನಮ್ಮನ್ನ ಮರೆತೇಬಿಟ್ರಾ? ಇನ್ನು 2 ಗಂಟೆ ಮಾತ್ರ! ಕೊನೇ ಪೀಸ್! ಬೇಗ ಬನ್ನಿ!
> [ಈಗಲೇ ಕೊಳ್ಳಿ] [ಬೇಡ, ನನಗೆ ಒಳ್ಳೇ ಸೀರೆ ಇಷ್ಟ ಇಲ್ಲ]

ಬಿಟ್ಟು ಹೋಗಿ ಒಂದು ಗಂಟೆಯಾದ ಮೇಲೆ ಒಂದು ಮೇಲ್, ಮರುದಿನ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಎರಡು ಗಂಟೆ ಕಳೆದರೂ ಸೀರೆ ಅಲ್ಲೇ ಇರುತ್ತದೆ, ಅಲ್ವಾ? ಅದು ಗಿರಾಕಿಗೂ ಗೊತ್ತಾಗುತ್ತದೆ. ಆ ಎರಡನೇ ಬಟನ್ ಅಂತೂ ಬೇಡ ಅಂದವರನ್ನು ಚುಚ್ಚಲಿಕ್ಕೇ ಇಟ್ಟಂತಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರಗಳ, ಅಂದರೆ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿ ಕೊಟ್ಟಿತು. ಸುಳ್ಳು ಅವಸರ, ಬೇಡ ಅಂದವರನ್ನು ನಾಚಿಸುವುದು, ಬಿಡದೆ ಕಾಡುವುದು, ಮೂರೂ ಅದರಲ್ಲಿವೆ. ನಮ್ಮ ಒಂದೇ ಮೇಲ್‌ನಲ್ಲಿ ಮೂರೂ ಕೂತಿವೆ.

ಫೋನ್ ಮಾಡುವವರು ಕೇಳುವುದು ಬೇರೆಯೇ. ಸೆರಗು ರೇಷ್ಮೆಯೋ ಅಲ್ಲವೋ, ಬ್ಲೌಸ್ ಪೀಸ್ ಇದೆಯೋ, ಎಲ್ಲಾ ಸೇರಿ ಎಷ್ಟು, ಸೆರಗಿನ ಹತ್ತಿರ ಹೊಲಿಗೆ ಹಾಕಿದ ಹಾಗಿದೆಯಲ್ಲ ಅದೇನು. ಹೊಸ ಮೇಲ್ ಇದಕ್ಕೆಲ್ಲ ಉತ್ತರ ಕೊಡುತ್ತದೆ:

---

ವಿಷಯ: ನೀವು ನೋಡಿದ ಇಳಕಲ್ ಸೀರೆ: ಒಟ್ಟು ಬೆಲೆ, ಸೆರಗಿನ ಹತ್ತಿರದ ಫೋಟೊ

ನಮಸ್ಕಾರ,

ನಿನ್ನೆ ನೀವು ಚಿಕ್ಕಿ ಪರಾಸ್ ಅಂಚಿನ ಹಸಿರು ಇಳಕಲ್ ಸೀರೆಯನ್ನು ಬುಟ್ಟಿಗೆ ಹಾಕಿದ್ದಿರಿ. ಕೊಳ್ಳುವ ಮುಂಚೆ ತುಂಬಾ ಜನ ಕೇಳುವ ವಿಷಯ ಇಲ್ಲಿ ಬರೆದಿದ್ದೇವೆ.

ಸೀರೆಗೆ ₹2,150, ಕಳಿಸುವ ಖರ್ಚು ₹90. ಒಟ್ಟು ₹2,240. ಕೊನೆಗೆ ಇದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ.

ಮೈ ಹತ್ತಿಯದು. ಅಂಚು, ಸೆರಗು ಆರ್ಟ್ ಸಿಲ್ಕ್, ಅಪ್ಪಟ ರೇಷ್ಮೆ ಅಲ್ಲ. ಉದ್ದ ಐದೂವರೆ ಮೀಟರ್. ಬ್ಲೌಸ್ ಪೀಸ್ ಇಲ್ಲ.

ಸೆರಗು ಶುರುವಾಗುವ ಕಡೆ ಒಂದು ಗೆರೆ ಕಾಣುತ್ತದೆ. ಅದು ಹೊಲಿಗೆಯೂ ಅಲ್ಲ, ದೋಷವೂ ಅಲ್ಲ. ಮೈಯ ಹಾಸಿನ ನೂಲಿಗೆ ಸೆರಗಿನ ಹಾಸಿನ ನೂಲನ್ನು ಕುಣಿಕೆ ಹಾಕಿ ಕೂಡಿಸಿದ ಜಾಗ ಅದು. ಟೋಪ್ ತೆನಿ ಅಂತಾರಲ್ಲ, ಅದೇ. ಬಿಸಿಲಿನಲ್ಲಿ ತೆಗೆದ ಹತ್ತಿರದ ಫೋಟೊ ಕೆಳಗಿದೆ.

ಮನೆಯಲ್ಲಿ ಬಿಚ್ಚಿ ನೋಡಿ. ಬಣ್ಣ ಹಿಡಿಸದಿದ್ದರೆ, ಉಡದೆ, ಒಗೆಯದೆ 7 ದಿನದೊಳಗೆ ವಾಪಸ್ ಕಳಿಸಿ. ವಾಪಸ್ ಕಳಿಸುವ ಖರ್ಚು ನಮ್ಮದು.

ಬುಟ್ಟಿಯಲ್ಲಿದೆ ಅಂದರೆ ನಿಮಗಾಗಿ ತೆಗೆದಿಟ್ಟಿದ್ದೇವೆ ಅಂತ ಅಲ್ಲ. ಬೇರೆಯವರು ಕೊಂಡರೆ ಅದು ಬುಟ್ಟಿಯಿಂದ ಹೋಗುತ್ತದೆ.

[ಸೀರೆ ಮತ್ತೆ ನೋಡಿ]

[ಈ ಸೀರೆ ಬೇಡ, ಬುಟ್ಟಿಯಿಂದ ತೆಗೆಯಿರಿ]

ಏನಾದರೂ ಕೇಳಬೇಕಿದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ, ಅಂಗಡಿಯವರೇ ಓದುತ್ತಾರೆ. ಈ ಸೀರೆ ಬಗ್ಗೆ ನಾವಾಗಿ ಮತ್ತೆ ಬರೆಯುವುದಿಲ್ಲ.

[ಇಂಥ ನೆನಪಿನ ಮೇಲ್ ಯಾವತ್ತೂ ಬೇಡ] ಒಮ್ಮೆ ಒತ್ತಿದರೆ ಸಾಕು, ಲಾಗಿನ್ ಬೇಕಿಲ್ಲ. ಆರ್ಡರ್ ಮಾಡಿದ ಸೀರೆಯ ಬಿಲ್, ಕೊರಿಯರ್ ವಿವರ ಮಾತ್ರ ಬರುತ್ತಿರುತ್ತದೆ.

---

ಹೆಸರು ಹಾಕದೆ ಬರೀ ನಮಸ್ಕಾರ ಇಟ್ಟಿದ್ದೇನೆ. ಕೆಲವರು ಹೆಸರಿನ ಜಾಗದಲ್ಲಿ ಇನಿಶಿಯಲ್ ಮಾತ್ರ ಬರೆದಿರುತ್ತಾರೆ, "ಪ್ರಿಯ ಕೆ" ಅಂತ ಹೋದರೆ ಚೆನ್ನಾಗಿರಲ್ಲ.

ಹತ್ತು ಪರ್ಸೆಂಟ್ ಕೂಪನ್ ಹಾಕೋಣ ಅಂದಿದ್ದಿರಿ. ನನಗೆ ಮನಸ್ಸಿಲ್ಲ. ಬಿಟ್ಟು ಹೋದರೆ ರಿಯಾಯಿತಿ ಸಿಗುತ್ತದೆ ಅಂತ ಗೊತ್ತಾದರೆ ನಮ್ಮ ಕಾಯಂ ಗಿರಾಕಿಗಳೇ ಮೊದಲು ಬಿಟ್ಟು ಹೋಗುತ್ತಾರೆ! ಪೂರ್ತಿ ಬೆಲೆ ಕೊಟ್ಟವರಿಗೆ ಅದು ಅನ್ಯಾಯ ಕೂಡ.

ಮೂರು ಮೇಲ್ ಬದಲು ಇದೊಂದೇ, ಮರುದಿನ ಬೆಳಿಗ್ಗೆ 11ಕ್ಕೆ. ವಾಟ್ಸಾಪ್‌ನಲ್ಲಿ ಕೊಂಡವರ ಹೆಸರನ್ನು ರಾತ್ರಿಯೇ ಪಟ್ಟಿಯಿಂದ ತೆಗೆಯಬೇಕು. ದುಡ್ಡು ಕೊಟ್ಟವರಿಗೂ "ಮರೆತುಬಿಟ್ರಾ" ಅಂತ ಹೋದರೆ ಏನು ಚೆನ್ನ?

ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಗೆ ಒಂದು ಕೆಲಸ ಇದೆ. ಮೇಲ್‌ನ ಹೆಡರ್‌ನಲ್ಲಿ `List-Unsubscribe` ವಿಳಾಸದ ಜೊತೆ ಈ ಸಾಲೂ ಇರಬೇಕು:

```
List-Unsubscribe-Post: List-Unsubscribe=One-Click
```

ಇದಿದ್ದರೆ ಜಿಮೇಲ್ ತಾನೇ ಮೇಲ್ಗಡೆ ಅನ್‌ಸಬ್‌ಸ್ಕ್ರೈಬ್ ಬಟನ್ ತೋರಿಸಬಹುದು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಕಳಿಸುವವರ ಪ್ರಚಾರದ ಮೇಲ್‌ಗಳಿಗೆ ಗೂಗಲ್ 2024ರಿಂದ ಇದನ್ನು ಕಡ್ಡಾಯ ಮಾಡಿದೆ. ನಾವು ಅಷ್ಟು ಕಳಿಸುವುದಿಲ್ಲ, ಆದರೂ ಇರಲಿ. ಹೊರಗೆ ಹೋಗುವ ದಾರಿ ಸಿಗದವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಹಾಗೆ ಒತ್ತುವವರು ಜಾಸ್ತಿಯಾದರೆ ನಮ್ಮ ಬಿಲ್ ಕೂಡ ಸ್ಪ್ಯಾಮ್‌ಗೆ ಬೀಳುವ ಅಪಾಯ ಇದೆ.

ಆರ್ಟ್ ಸಿಲ್ಕ್ ಅಂತ ಬಿಡಿಸಿ ಬರೆದದ್ದಕ್ಕೆ ನೀವು ಹಿಂದೆಮುಂದೆ ನೋಡಬಹುದು. ಬರೆಯದಿದ್ದರೆ ಅದೇ ಸೀರೆ ವಾಪಸ್ ಬರುತ್ತದೆ, ಎರಡೂ ಕಡೆಯ ಕೊರಿಯರ್ ದುಡ್ಡು ನಮ್ಮ ತಲೆಗೆ. ಉದ್ದದ ಅಳತೆ ಮಾತ್ರ ಮಗ್ಗದವರ ಹತ್ತಿರ ಇನ್ನೊಮ್ಮೆ ಕೇಳಿ ಹೇಳಿ, ಸೋಮವಾರ ಬದಲಾಯಿಸುತ್ತೇನೆ.