ಮಧ್ಯಯುಗದ ಯುರೋಪ್: ಘಟಕ ಪರೀಕ್ಷೆಯ ಫ್ಲ್ಯಾಶ್‌ಕಾರ್ಡ್‌ಗಳು

ಮುಂದಿನ ವಾರದ ಘಟಕ ಪರೀಕ್ಷೆಗೆಂದು ನಮ್ಮ ತರಗತಿಗಾಗಿ ಸಿದ್ಧಪಡಿಸಿದ ಕಾರ್ಡ್‌ಗಳಿವು. ಯಾರ ಅಧಿಕಾರ ಯಾರ ಮೇಲೆ ನಡೆಯುತ್ತಿತ್ತು, ಆ ಅಧಿಕಾರವನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಯೇ ಈ ಘಟಕದುದ್ದಕ್ಕೂ ಎದ್ದು ಕಾಣುವುದರಿಂದ, ಕಾರ್ಡ್‌ಗಳನ್ನು ಇಸವಿಯ ಕ್ರಮದಲ್ಲಿ ಇಡದೆ ಆ ಪ್ರಶ್ನೆಯನ್ನು ಅನುಸರಿಸಿ ನಾಲ್ಕು ಕಟ್ಟುಗಳಾಗಿ ಜೋಡಿಸಿದ್ದೇನೆ. ಹಿಂಬದಿಯಲ್ಲಿ ಮತ್ತೊಂದು ಕಾರ್ಡಿನ ಸಂಖ್ಯೆ ಇದ್ದರೆ, ಅದನ್ನು ತೆಗೆದು ಪಕ್ಕದಲ್ಲಿಟ್ಟು ಓದಿಕೊಳ್ಳಿ.

ಮೊದಲ ಕಟ್ಟು: ಭೂಮಿ

ಕಾರ್ಡ್ 1
ಮುಂಬದಿ: ಊಳಿಗಮಾನ್ಯ ಪದ್ಧತಿಯಲ್ಲಿ ಸಾಮಂತನಾಗುವುದು ಎಂದರೇನು? ಆ ವಿಧಿ ಹೇಗೆ ನಡೆಯುತ್ತಿತ್ತು?
ಹಿಂಬದಿ: ಸಾಮಂತನಾಗುವವನು ಒಡೆಯನ ಮುಂದೆ ಬರಿದಲೆಯಲ್ಲಿ ಮೊಣಕಾಲೂರಿ, ಜೋಡಿಸಿದ ತನ್ನ ಎರಡೂ ಕೈಗಳನ್ನು ಒಡೆಯನ ಅಂಗೈಗಳ ನಡುವೆ ಇಟ್ಟು ತಾನು ಅವನ ಆಳು ಎಂದು ಒಪ್ಪಿಕೊಳ್ಳುತ್ತಿದ್ದನು. ಅನಂತರ ಸುವಾರ್ತೆಯ ಗ್ರಂಥವನ್ನೋ ಸಂತರ ಅವಶೇಷವನ್ನೋ ಮುಟ್ಟಿ ನಿಷ್ಠೆಯ ಪ್ರಮಾಣ ಮಾಡುತ್ತಿದ್ದನು. ಪ್ರತಿಯಾಗಿ ಒಡೆಯನು ರಕ್ಷಣೆಯ ಭರವಸೆಯನ್ನೂ ಭೂಮಿಯನ್ನೂ ಕೊಡುತ್ತಿದ್ದನು. ಕಟ್ಟುಪಾಡು ಇಬ್ಬರಿಗೂ ಇತ್ತು ಎಂಬುದನ್ನು ಮರೆಯಬೇಡಿ, ಏಕೆಂದರೆ 1215ರ ದಂಗೆಗೆ (ಕಾರ್ಡ್ 10) ಆಧಾರವಾದದ್ದು ಇದೇ ತಿಳಿವಳಿಕೆ.

ಕಾರ್ಡ್ 2
ಮುಂಬದಿ: ಫೀಫ್
ಹಿಂಬದಿ: ಸೇವೆಗೆ ಪ್ರತಿಯಾಗಿ ಸಾಮಂತನು ಪಡೆಯುತ್ತಿದ್ದ ಭೂಮಿ. ಸೇವೆ ಎಂದರೆ ಮುಖ್ಯವಾಗಿ ಕುದುರೆ ಮತ್ತು ಆಯುಧಗಳೊಡನೆ ಯುದ್ಧಕ್ಕೆ ಬರುವುದು; ಹಲವೆಡೆ ವರ್ಷಕ್ಕೆ 40 ದಿನಗಳ ವಾಡಿಕೆಯಿತ್ತು. ಮೊದಮೊದಲು ಸಾಮಂತನ ಜೀವಿತಾವಧಿಗೆ ಮಾತ್ರ ಸೀಮಿತವಾಗಿದ್ದ ಈ ಭೂಮಿ ಕ್ರಮೇಣ ವಂಶಪಾರಂಪರ್ಯವಾಯಿತು, ಅದರೊಡನೆ ಅದನ್ನು ಹಿಂಪಡೆಯುವ ರಾಜರ ಶಕ್ತಿಯೂ ಕುಗ್ಗಿತು.

ಕಾರ್ಡ್ 3
ಮುಂಬದಿ: ಸರ್ಫ್ ಗುಲಾಮನಾಗಿದ್ದನೇ? ಸ್ವತಂತ್ರನಾಗಿದ್ದನೇ?
ಹಿಂಬದಿ: ಎರಡೂ ಅಲ್ಲ. ಗುಲಾಮನಂತೆ ಅವನನ್ನು ಭೂಮಿಯಿಂದ ಬೇರ್ಪಡಿಸಿ ಮಾರುವುದು ಸಾಮಾನ್ಯವಾಗಿರಲಿಲ್ಲ. ಆದರೆ ಒಡೆಯನ ಒಪ್ಪಿಗೆಯಿಲ್ಲದೆ ಅವನು ಮ್ಯಾನರನ್ನು ಬಿಟ್ಟು ಹೋಗುವಂತಿರಲಿಲ್ಲ. ವಾರದಲ್ಲಿ ಕೆಲವು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಹಿಟ್ಟನ್ನು ಒಡೆಯನ ಗಿರಣಿಯಲ್ಲೇ ಬೀಸಿಸಿ ಶುಲ್ಕ ತೆರಬೇಕಿತ್ತು, ಮಗಳ ಮದುವೆಗೂ ಹಣ ಕೊಟ್ಟು ಅಪ್ಪಣೆ ಪಡೆಯಬೇಕಿತ್ತು. ತಪ್ಪಿಸಿಕೊಂಡು ಪಟ್ಟಣ ಸೇರಿ ಅಲ್ಲಿ ಒಂದು ವರ್ಷ ಮತ್ತು ಒಂದು ದಿನ ಸಿಕ್ಕಿಬೀಳದೆ ಬದುಕಿದವನು ಅನೇಕ ಪಟ್ಟಣಗಳ ಕಾನೂನಿನಂತೆ ಸ್ವತಂತ್ರನಾಗುತ್ತಿದ್ದನು. ಈ ಕಾರ್ಡನ್ನು ಬಾಯಿಪಾಠ ಮಾಡುವುದಕ್ಕಿಂತ, ಒಬ್ಬ ಸರ್ಫ್‌ನ ಒಂದು ವಾರವನ್ನು ನಿಮ್ಮ ಮಾತಿನಲ್ಲೇ ವಿವರಿಸಲು ಪ್ರಯತ್ನಿಸಿ.

ಕಾರ್ಡ್ 4
ಮುಂಬದಿ: ಮೂರು ಹೊಲಗಳ ಪದ್ಧತಿಯಿಂದ ಆದ ಲಾಭವೇನು?
ಹಿಂಬದಿ: ಹಿಂದೆ ಪ್ರತಿ ವರ್ಷ ಅರ್ಧದಷ್ಟು ಭೂಮಿಯನ್ನು ಬೀಳು ಬಿಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಒಂದು ಹೊಲಕ್ಕೆ ಶರತ್ಕಾಲದಲ್ಲಿ ಗೋಧಿ ಅಥವಾ ರೈ, ಮತ್ತೊಂದಕ್ಕೆ ವಸಂತದಲ್ಲಿ ಓಟ್ಸ್, ಬಾರ್ಲಿ, ಬಟಾಣಿಯಂಥ ಬೆಳೆ. ಮೂರನೆಯದು ಮಾತ್ರ ಬೀಳು. ಬಟಾಣಿ ಮತ್ತು ಹುರುಳಿಯ ಜಾತಿಯ ಬೆಳೆಗಳು ಮಣ್ಣಿನ ಸತ್ವವನ್ನೂ ಹೆಚ್ಚಿಸುತ್ತಿದ್ದವು.

ಕಾರ್ಡ್ 5
ಮುಂಬದಿ: 1066ರಿಂದ 1086ರ ನಡುವೆ ಇಂಗ್ಲೆಂಡಿನ ಭೂಮಿ ಕೈಬದಲಾದದ್ದು ಹೇಗೆ?
ಹಿಂಬದಿ: ರಾಜ ಹೆರಾಲ್ಡ್ 1066ರ ಸೆಪ್ಟೆಂಬರ್ 25ರಂದು ಉತ್ತರದ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ನಾರ್ವೆಯ ಸೇನೆಯನ್ನು ಸೋಲಿಸಿ, ಅಲ್ಲಿಂದ ದಕ್ಷಿಣಕ್ಕೆ ಧಾವಿಸಿ ಬಂದು, ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂನ ವಿರುದ್ಧ ಹೋರಾಡುತ್ತ ಮಡಿದನು. ಕ್ರಿಸ್‌ಮಸ್ ದಿನ ವಿಲಿಯಂನ ಪಟ್ಟಾಭಿಷೇಕವಾಯಿತು. ಹಳೆಯ ಆಂಗ್ಲೋ-ಸ್ಯಾಕ್ಸನ್ ಕುಲೀನರ ಭೂಮಿ ಬಹುಮಟ್ಟಿಗೆ ನಾರ್ಮನ್ನರ ಪಾಲಾಯಿತು. ಯಾರ ಬಳಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ ಇವೆ ಎಂದು ಲೆಕ್ಕಹಾಕಿಸಿದ 1086ರ ಡೂಮ್ಸ್‌ಡೇ ಸಮೀಕ್ಷೆಯು ಈ ಬದಲಾವಣೆಯನ್ನು ಊರೂರಿನ ಮಟ್ಟದಲ್ಲಿ ತೋರಿಸುತ್ತದೆ. ಪರೀಕ್ಷೆಯಲ್ಲಿ 1066ನ್ನು ಬರೆದು 1086ನ್ನು ಬಿಟ್ಟರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯ ಕಟ್ಟು: ಕಿರೀಟ ಮತ್ತು ಚರ್ಚು

ಕಾರ್ಡ್ 6
ಮುಂಬದಿ: 800, ಡಿಸೆಂಬರ್ 25
ಹಿಂಬದಿ: ರೋಮಿನ ಸಂತ ಪೀಟರ್ ಚರ್ಚಿನಲ್ಲಿ ಪೋಪ್ 3ನೇ ಲಿಯೋ ಫ್ರಾಂಕರ ರಾಜ ಶಾರ್ಲಮೇನನಿಗೆ ಚಕ್ರವರ್ತಿಯ ಕಿರೀಟ ತೊಡಿಸಿದನು. ಪೋಪನ ಉದ್ದೇಶ ಮೊದಲೇ ತಿಳಿದಿದ್ದರೆ, ಅಂಥ ದೊಡ್ಡ ಹಬ್ಬದ ದಿನವಾದರೂ ತಾನು ಚರ್ಚಿನೊಳಗೆ ಕಾಲಿಡುತ್ತಿರಲಿಲ್ಲ ಎಂದು ಶಾರ್ಲಮೇನ್ ಹೇಳಿದನೆಂದು ಅವನ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ದಾಖಲಿಸಿದ್ದಾನೆ. ಈ ಮಾತನ್ನು ಎಷ್ಟು ನಂಬಬೇಕೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕಿರೀಟ ಕೊಟ್ಟವನು ಅದನ್ನು ಕಿತ್ತುಕೊಳ್ಳಲೂಬಹುದೇ ಎಂಬ ಪ್ರಶ್ನೆಯಂತೂ ಆ ದಿನವೇ ಹುಟ್ಟಿತು. ಅದು ಸ್ಫೋಟಿಸಿದ್ದು ಕಾರ್ಡ್ 8ರಲ್ಲಿ.

ಕಾರ್ಡ್ 7
ಮುಂಬದಿ: ವರ್ಡನ್ ಒಪ್ಪಂದ ಯಾವ ವರ್ಷ, ಯಾರ ನಡುವೆ?
ಹಿಂಬದಿ: 843ರಲ್ಲಿ, ಶಾರ್ಲಮೇನನ ಮೂವರು ಮೊಮ್ಮಕ್ಕಳಾದ ಲೊಥೇರ್, ಜರ್ಮನ್ ಲೂಯಿ ಮತ್ತು ಬೋಳು ಚಾರ್ಲ್ಸ್ ನಡುವೆ. ಸಾಮ್ರಾಜ್ಯ ಮೂರು ಪಾಲಾಯಿತು.

ಕಾರ್ಡ್ 8
ಮುಂಬದಿ: 1077ರ ಜನವರಿಯಲ್ಲಿ ಕನೋಸ್ಸಾ ಕೋಟೆಯ ಹೊರಗೆ ನಿಂತಿದ್ದವನು ಯಾರು? ಏಕೆ ನಿಂತಿದ್ದನು?
ಹಿಂಬದಿ: ಜರ್ಮನಿಯ ರಾಜ 4ನೇ ಹೆನ್ರಿ. ಬಿಷಪ್ಪರನ್ನು ನೇಮಿಸಿ ಅವರಿಗೆ ಉಂಗುರ ಮತ್ತು ದಂಡವನ್ನು ಕೊಡುವ ಹಕ್ಕು ರಾಜನಿಗಿಲ್ಲ ಎಂಬುದು ಪೋಪ್ 7ನೇ ಗ್ರೆಗರಿಯ ನಿಲುವಾಗಿತ್ತು. ಬಿಷಪ್ಪರ ಕೈಯಲ್ಲಿ ವಿಶಾಲವಾದ ಭೂಮಿಯೂ ಸೈನಿಕರೂ ಇದ್ದುದರಿಂದ ಹೆನ್ರಿ ಆ ಹಕ್ಕನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿರಲಿಲ್ಲ. 1076ರಲ್ಲಿ ಪೋಪನು ಅವನನ್ನು ಧರ್ಮದಿಂದ ಬಹಿಷ್ಕರಿಸಿ, ಪ್ರಜೆಗಳನ್ನು ಅವನಿಗೆ ಮಾಡಿದ ನಿಷ್ಠೆಯ ಪ್ರಮಾಣದಿಂದ ಬಿಡುಗಡೆಗೊಳಿಸಿದನು. ಕಾರ್ಡ್ 1ರ ಪ್ರಮಾಣವೇ ಸಡಿಲಗೊಂಡರೆ ರಾಜನ ಕೆಳಗಿನ ನೆಲವೇ ಕುಸಿದಂತೆ. ಜರ್ಮನಿಯ ರಾಜಕುಮಾರರು ಕೂಡಲೇ ಬೇರೆ ರಾಜನನ್ನು ಆರಿಸುವ ಮಾತೆತ್ತಿದರು. ಹೆನ್ರಿ ಚಳಿಗಾಲದಲ್ಲೇ ಆಲ್ಪ್ಸ್ ದಾಟಿ, ಟಸ್ಕನಿಯ ಮಟಿಲ್ಡಾಳ ಕೋಟೆಯ ಮುಂದೆ ಪಶ್ಚಾತ್ತಾಪದ ಒರಟು ಉಡುಪಿನಲ್ಲಿ, ಬರಿಗಾಲಲ್ಲಿ, ಮೂರು ದಿನ ಕ್ಷಮೆಗಾಗಿ ಕಾದನು. ಕ್ಷಮೆ ಸಿಕ್ಕಿತು, ಆದರೆ ಜಗಳ ಮುಗಿಯಲಿಲ್ಲ: 1084ರಲ್ಲಿ ಹೆನ್ರಿ ರೋಮನ್ನು ವಶಪಡಿಸಿಕೊಂಡನು, ಮರುವರ್ಷ ಗ್ರೆಗರಿ ಸಲೆರ್ನೋದಲ್ಲಿ ನಿರಾಶ್ರಿತನಾಗಿ ತೀರಿಕೊಂಡನು. ಆದ್ದರಿಂದ ಕನೋಸ್ಸಾವನ್ನು ಪೋಪನ ಅಂತಿಮ ವಿಜಯವೆಂದು ಬರೆಯುವುದು ತಪ್ಪಾಗುತ್ತದೆ.

ಕಾರ್ಡ್ 9
ಮುಂಬದಿ: ವರ್ಮ್ಸ್ ಒಪ್ಪಂದ (1122) ಈ ವಿವಾದವನ್ನು ಹೇಗೆ ಬಗೆಹರಿಸಿತು?
ಹಿಂಬದಿ: ಬಿಷಪ್ಪರಿಗೆ ಧಾರ್ಮಿಕ ಅಧಿಕಾರದ ಗುರುತಾದ ಉಂಗುರ ಮತ್ತು ದಂಡವನ್ನು ಚರ್ಚು ಕೊಡಬೇಕು, ಲೌಕಿಕ ಅಧಿಕಾರದ ಗುರುತಾದ ರಾಜದಂಡವನ್ನು ಚಕ್ರವರ್ತಿ ಕೊಡಬೇಕು ಎಂದು ಪೋಪ್ 2ನೇ ಕ್ಯಾಲಿಕ್ಸ್ಟಸ್ ಮತ್ತು 5ನೇ ಹೆನ್ರಿ ಒಪ್ಪಿಕೊಂಡರು. ಉತ್ತರದಲ್ಲಿ ಎರಡು ದಂಡಗಳನ್ನು ಅದಲುಬದಲು ಮಾಡಬೇಡಿ.

ಕಾರ್ಡ್ 10
ಮುಂಬದಿ: ಮ್ಯಾಗ್ನ ಕಾರ್ಟ: ದಿನಾಂಕ, ಸ್ಥಳ, ಕಾರಣ, ಮುಂದೇನಾಯಿತು?
ಹಿಂಬದಿ: 1215ರ ಜೂನ್ 15ರಂದು, ಥೇಮ್ಸ್ ನದಿಯ ದಡದ ರನ್ನಿಮೀಡ್ ಎಂಬಲ್ಲಿ. ರಾಜ ಜಾನ್ 1204ರಲ್ಲಿ ನಾರ್ಮಂಡಿಯನ್ನು ಕಳೆದುಕೊಂಡಿದ್ದನು. ಅದನ್ನು ಮರಳಿ ಪಡೆಯಲು ವಿಧಿಸಿದ ಭಾರೀ ತೆರಿಗೆಗಳು, 1214ರಲ್ಲಿ ಬೂವೀನ್ ಕದನದಲ್ಲಿ ಅವನ ಮಿತ್ರಪಡೆಗಳು ಸೋತ ಮೇಲೆ, ವ್ಯರ್ಥವಾದವು. ಬ್ಯಾರನ್ನರು ದಂಗೆಯೆದ್ದರು. ಸಮಾನಸ್ಕಂಧರ ನ್ಯಾಯಬದ್ಧ ತೀರ್ಪು ಅಥವಾ ನಾಡಿನ ಕಾನೂನು ಇಲ್ಲದೆ ಯಾವ ಸ್ವತಂತ್ರ ವ್ಯಕ್ತಿಯನ್ನೂ ಸೆರೆಹಿಡಿಯಬಾರದು ಎಂಬ 39ನೇ ಕಲಮು ಅತಿ ಮುಖ್ಯವಾದದ್ದು. ಇಲ್ಲಿ ‘ಸ್ವತಂತ್ರ’ ಎಂಬುದರ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ಕಾರ್ಡ್ 3ರ ಸರ್ಫ್ ಈ ರಕ್ಷಣೆಯ ಹೊರಗುಳಿದನು. ಅದೇ ಆಗಸ್ಟ್‌ನಲ್ಲಿ ಪೋಪ್ 3ನೇ ಇನೊಸೆಂಟ್ ಸನ್ನದನ್ನು ರದ್ದುಪಡಿಸಿದನು. ಜಾನ್ ಸತ್ತ ಬಳಿಕ 1216, 1217 ಮತ್ತು 1225ರಲ್ಲಿ ಅದನ್ನು ಪರಿಷ್ಕರಿಸಿ ಮರಳಿ ಹೊರಡಿಸಲಾಯಿತು.

ಕಾರ್ಡ್ 11
ಮುಂಬದಿ: ಬಿಂಗೆನ್ನಿನ ಹಿಲ್ಡೆಗಾರ್ಡ್ (1098–1179)
ಹಿಂಬದಿ: ರೈನ್ ನದಿಯ ಸೀಮೆಯ ಸನ್ಯಾಸಿನಿ, ಮಠಾಧಿಕಾರಿಣಿ, ಸಂಗೀತ ರಚನಕಾರ್ತಿ. ಔಷಧಗಳ ಬಗೆಗೂ ಗ್ರಂಥ ರಚಿಸಿದಳು. ಪೋಪರಿಗೂ ಚಕ್ರವರ್ತಿಗೂ ನೇರವಾಗಿ ಪತ್ರ ಬರೆದು ಬುದ್ಧಿ ಹೇಳಿದಳು. ಮಧ್ಯಯುಗದ ಹೆಣ್ಣುಮಕ್ಕಳಿಗೆ ಓದುಬರಹದ ದಾರಿ ಹೆಚ್ಚಾಗಿ ಮಠಗಳಲ್ಲೇ ತೆರೆದಿತ್ತು ಎಂಬ ಉತ್ತರಕ್ಕೆ ಇವಳಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಮೂರನೆಯ ಕಟ್ಟು: ಪೂರ್ವದ ದಾರಿ

ಕಾರ್ಡ್ 12
ಮುಂಬದಿ: ಮೊದಲನೆಯ ಕ್ರುಸೇಡಿನ ಆರಂಭ ಮತ್ತು ಅಂತ್ಯ
ಹಿಂಬದಿ: ಸೆಲ್ಜುಕ್ ತುರ್ಕರ ಒತ್ತಡಕ್ಕೆ ಸಿಕ್ಕಿದ್ದ ಬೈಜಾಂಟಿಯಂ ಚಕ್ರವರ್ತಿ 1ನೇ ಅಲೆಕ್ಸಿಯಸ್ ನೆರವು ಕೋರಿದ್ದನು. 1095ರ ನವೆಂಬರ್‌ನಲ್ಲಿ ಪೋಪ್ 2ನೇ ಅರ್ಬನ್ ಕ್ಲೆರ್ಮಾಂಟ್‌ನಲ್ಲಿ ಧರ್ಮಯುದ್ಧಕ್ಕೆ ಕರೆಕೊಟ್ಟನು. 1099ರ ಜುಲೈ 15ರಂದು ಜೆರುಸಲೇಂ ಕ್ರುಸೇಡರ ವಶವಾಯಿತು, ನಗರದ ಮುಸ್ಲಿಮರ ಮತ್ತು ಯೆಹೂದಿಗಳ ಭೀಕರ ಕಗ್ಗೊಲೆ ನಡೆಯಿತು.

ಕಾರ್ಡ್ 13
ಮುಂಬದಿ: ಸಲಾದಿನ್ ಮತ್ತು 1187
ಹಿಂಬದಿ: ಈಜಿಪ್ಟ್ ಮತ್ತು ಸಿರಿಯಾಗಳನ್ನು ಒಂದುಗೂಡಿಸಿದ ಸುಲ್ತಾನ. ಜುಲೈನಲ್ಲಿ ಹತ್ತೀನ್ ಕದನವನ್ನು ಗೆದ್ದು ಅಕ್ಟೋಬರ್ 2ರಂದು ಜೆರುಸಲೇಮನ್ನು ಪಡೆದನು. ಸೋತವರಿಗೆ ಬಿಡುಗಡೆಯ ಹಣ ತೆತ್ತು ಹೊರಡಲು ಅವಕಾಶ ಕೊಟ್ಟನು. ತೆರಲಾರದ ಅನೇಕರು ಗುಲಾಮರಾದರು. ಹಿಂದಿನ ಕಾರ್ಡಿನೊಡನೆ ಹೋಲಿಸಿ ಬರೆಯುವಾಗ ಈ ಎರಡೂ ಸಂಗತಿಗಳನ್ನು ಹೇಳಬೇಕು.

ಕಾರ್ಡ್ 14
ಮುಂಬದಿ: ಕ್ರೈಸ್ತರ ಸೇನೆ ಕ್ರೈಸ್ತರ ನಗರವನ್ನೇ ಕೊಳ್ಳೆಹೊಡೆದ ವರ್ಷ ಯಾವುದು?
ಹಿಂಬದಿ: 1204, ನಾಲ್ಕನೆಯ ಕ್ರುಸೇಡ್, ಕಾನ್‌ಸ್ಟಾಂಟಿನೋಪಲ್. ಹಡಗುಗಳಿಗಾಗಿ ವೆನಿಸ್‌ಗೆ ಕೊಡಬೇಕಿದ್ದ ಹಣವನ್ನು ಹೊಂದಿಸಲಾಗದ ಸೇನೆಯು, ಪದಚ್ಯುತ ಚಕ್ರವರ್ತಿಯ ಮಗ ಕೊಟ್ಟ ಭಾರೀ ಹಣದ ಆಸೆಗೆ ದಾರಿ ಬದಲಿಸಿತು. ಬೈಜಾಂಟಿಯನ್ನರು ನಗರವನ್ನು ಮರಳಿ ಪಡೆದದ್ದು 1261ರಲ್ಲಿ. 1453ರ ಮೇ 29ರಂದು 2ನೇ ಮೆಹ್ಮದ್ ಅದನ್ನು ಗೆದ್ದ ಕಾರಣಗಳನ್ನು ಕೇಳಿದರೆ, ಫಿರಂಗಿಗಳಿಂದ ಆರಂಭಿಸದೆ ಈ 1204ರಿಂದಲೇ ಆರಂಭಿಸುವುದು ಸರಿ.

ನಾಲ್ಕನೆಯ ಕಟ್ಟು: ಪಿಡುಗಿನ ನಂತರ

ಕಾರ್ಡ್ 15
ಮುಂಬದಿ: ಬ್ಲ್ಯಾಕ್ ಡೆತ್ ಸರ್ಫ್‌ಗಳ ಸ್ಥಿತಿಯನ್ನು ಹೇಗೆ ಬದಲಿಸಿತು?
ಹಿಂಬದಿ: 1347ರಲ್ಲಿ ಸಿಸಿಲಿಯ ಮೆಸ್ಸೀನಾಕ್ಕೆ ಹಡಗುಗಳಲ್ಲಿ ಬಂದ ಪ್ಲೇಗ್ 1351ರ ಹೊತ್ತಿಗೆ ಯುರೋಪಿನ ಕನಿಷ್ಠ ಮೂರರಲ್ಲಿ ಒಂದು ಪಾಲು ಜನರನ್ನು ಬಲಿತೆಗೆದುಕೊಂಡಿತು ಎಂಬುದು ರೂಢಿಯ ಅಂದಾಜು. ಭೂಮಿ ಉಳಿಯಿತು, ದುಡಿಯುವ ಕೈಗಳು ಕಡಿಮೆಯಾದವು. ಬದುಕುಳಿದವರು ಹೆಚ್ಚಿನ ಕೂಲಿ ಕೇಳಿದರು, ಇಲ್ಲದಿದ್ದರೆ ಬೇರೆ ಒಡೆಯನ ಕಡೆಗೆ ಹೊರಟರು. ಇಂಗ್ಲೆಂಡಿನಲ್ಲಿ 1351ರ ಕಾರ್ಮಿಕರ ಶಾಸನವು ಕೂಲಿಯನ್ನು ಪಿಡುಗಿನ ಹಿಂದಿನ ಮಟ್ಟಕ್ಕೆ ಕಟ್ಟಿಹಾಕಲು ಯತ್ನಿಸಿತು.

ಕಾರ್ಡ್ 16
ಮುಂಬದಿ: 1381ರ ರೈತ ದಂಗೆ
ಹಿಂಬದಿ: ಬಡವ ಬಲ್ಲಿದರೆನ್ನದೆ ವಿಧಿಸಿದ ತಲೆಗಂದಾಯವೇ ಕಿಡಿ; ಕಾರ್ಡ್ 15ರ ಶಾಸನದ ಸಿಟ್ಟು ಅದಕ್ಕೂ ಹಿಂದಿನದು. ವಾಟ್ ಟೈಲರ್ ನೇತೃತ್ವದಲ್ಲಿ ಲಂಡನ್ ಹೊಕ್ಕ ದಂಗೆಕೋರರು ಜೀತವನ್ನು ರದ್ದುಪಡಿಸಬೇಕೆಂದು ಕೇಳಿದರು. ಹದಿನಾಲ್ಕು ವಯಸ್ಸಿನ ರಾಜ 2ನೇ ರಿಚರ್ಡ್ ಒಪ್ಪಿಗೆಯ ಪತ್ರಗಳನ್ನು ಕೊಟ್ಟನು. ಜೂನ್ 15ರಂದು ಸ್ಮಿತ್‌ಫೀಲ್ಡ್‌ನಲ್ಲಿ ಟೈಲರ್ ಹತನಾದ ಮೇಲೆ ಆ ಪತ್ರಗಳನ್ನೆಲ್ಲ ಹಿಂತೆಗೆದುಕೊಳ್ಳಲಾಯಿತು. ಆದರೂ ಮುಂದಿನ ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಸರ್ಫ್ ಪದ್ಧತಿ ತಾನಾಗಿಯೇ ಕ್ಷೀಣಿಸುತ್ತ ಹೋಯಿತು.

ಕಾರ್ಡ್ 17
ಮುಂಬದಿ: ಜೋನ್ ಆಫ್ ಆರ್ಕ್: 1429, 1431, 1456. ಪ್ರತಿ ಇಸವಿಯಲ್ಲಿ ಏನಾಯಿತು?
ಹಿಂಬದಿ: 1429ರಲ್ಲಿ ಆರ್ಲಿಯನ್ಸ್‌ನ ಮುತ್ತಿಗೆ ಮುರಿಯಲು ನೆರವಾಗಿ, 7ನೇ ಚಾರ್ಲ್ಸ್‌ನನ್ನು ಪಟ್ಟಾಭಿಷೇಕಕ್ಕೆ ರ‍್ಹೀಮ್ಸ್‌ಗೆ ಕರೆದೊಯ್ದಳು. 1431ರ ಮೇ 30ರಂದು, ಇಂಗ್ಲಿಷರ ಹಿಡಿತದಲ್ಲಿದ್ದ ರೂವೆನ್‌ನಲ್ಲಿ, ಚರ್ಚಿನ ನ್ಯಾಯಾಲಯ ಧರ್ಮದ್ರೋಹಿಯೆಂದು ತೀರ್ಮಾನಿಸಿದ ಅವಳನ್ನು ಜೀವಂತ ಸುಟ್ಟರು. 1456ರಲ್ಲಿ ಪೋಪನ ಅನುಮತಿಯಿಂದ ನಡೆದ ಮರುವಿಚಾರಣೆಯು ಆ ತೀರ್ಪನ್ನು ಅಸಿಂಧುವೆಂದು ಸಾರಿತು. ತನ್ನ ಹಕ್ಕು ಧರ್ಮದ್ರೋಹಿಯೊಬ್ಬಳ ನೆರವಿನಿಂದ ಬಂತೆಂಬ ಅಪವಾದ ತೊಲಗುವುದು 7ನೇ ಚಾರ್ಲ್ಸ್‌ನಿಗೂ ಬೇಕಾಗಿತ್ತು ಎಂಬ ಕಾರಣವನ್ನು ಸೇರಿಸಿದರೆ ಉತ್ತರ ಪೂರ್ಣವಾಗುತ್ತದೆ.