ಖೋ ಖೋ ತಂಡದ ನನ್ನ ಹನ್ನೆರಡು ಮಕ್ಕಳಿಗೆ

ಅರಕಲಗೂಡು
ಶನಿವಾರ, 13 ಡಿಸೆಂಬರ್ 2025

ಪ್ರೀತಿಯ ಮಕ್ಕಳೇ,

ಈ ವರ್ಷದ ನಮ್ಮ ಆಟ ಮುಗಿಯಿತು. ಹೋಬಳಿ ಗೆದ್ದೆವು, ತಾಲ್ಲೂಕು ಗೆದ್ದೆವು, ಹಾಸನದಲ್ಲಿ ಜಿಲ್ಲಾ ಸೆಮಿಫೈನಲ್‌ನಲ್ಲಿ ಒಂದೇ ಒಂದು ಅಂಕದಲ್ಲಿ ಸೋತೆವು. ಅವತ್ತು ಮೈದಾನದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಅಳುತ್ತಾ ಕೂತವರಿಗೆ ಆಟದ ಲೆಕ್ಕ ಹೇಳಿದರೆ ತಲೆಗೆ ಹೋಗುವುದಿಲ್ಲ. ಈಗ ಎಲ್ಲರ ಮನಸ್ಸೂ ತಿಳಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ. ಅವರು ನಿಮ್ಮನ್ನು ಬೆಳಗ್ಗೆ ಆರೂವರೆಗೆ ಕಳಿಸದೇ ಇದ್ದಿದ್ದರೆ ತಂಡವೇ ಇರುತ್ತಿರಲಿಲ್ಲ.

ಜೂನ್‌ನಲ್ಲಿ ನೀವು ಆಡುತ್ತಿದ್ದ ಆಟ ನೆನಪಿದೆಯಾ? ಆಯೇಷಾ ಓಡುತ್ತಿದ್ದಳು, ಭೂಮಿಕಾ ಓಡುತ್ತಿದ್ದಳು, ಉಳಿದವರು ಕೂತು ನೋಡುತ್ತಿದ್ದಿರಿ. ಖೋ ಬಂದರೆ ಏಳುವುದು, ಇಲ್ಲವಾದರೆ ಸುಮ್ಮನೆ ಕೂರುವುದು. ಈ ಆಟದಲ್ಲಿ ಬೆನ್ನಟ್ಟುವವಳು ಹಿಂದಕ್ಕೆ ತಿರುಗುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ಓಡುವ ಹುಡುಗಿಯೋ ಎತ್ತ ಬೇಕಾದರೂ ನುಗ್ಗಬಹುದು. ಹಾಗಿರುವಾಗ ಎಷ್ಟೇ ಜೋರಾಗಿ ಓಡಿದರೂ ಒಬ್ಬಳಿಂದ ಅವಳನ್ನು ಹಿಡಿಯುವುದು ಕಷ್ಟ. ಹಿಡಿಯುವ ಕೆಲಸ ಅರ್ಧಕ್ಕಿಂತ ಹೆಚ್ಚು ಕೂತಿರುವ ಎಂಟು ಜನರದ್ದು. ಇದನ್ನು ನಾನು ಬಾಯಲ್ಲಿ ಹೇಳಿದಾಗ ತಲೆಯಾಡಿಸಿದಿರಿ, ಮೈದಾನದಲ್ಲಿ ಮಾಡಿ ತೋರಿಸಲು ಸೆಪ್ಟೆಂಬರ್ ಬರಬೇಕಾಯಿತು.

ತಾಲ್ಲೂಕು ಫೈನಲ್‌ನ ಮೊದಲ ಸರದಿಯನ್ನು ನಾನು ಮರೆಯುವುದಿಲ್ಲ. ಅವರ ಎರಡನೇ ಬ್ಯಾಚಿನ ಎತ್ತರದ ಹುಡುಗಿ ಸಿಂಗಲ್ ಚೈನ್ ಆಡುತ್ತಾ ನಮ್ಮ ನಡುವೆ ಹಾವಿನಂತೆ ನುಸುಳುತ್ತಿದ್ದಳು. ಆಯೇಷಾ ಅವಳ ಹಿಂದೆ ಬೀಳಲಿಲ್ಲ. ಎರಡು ಹೆಜ್ಜೆಗೇ ಪಲ್ಲವಿಗೆ ಖೋ, ಪಲ್ಲವಿ ನಂದಿನಿಗೆ, ನಂದಿನಿ ಬಿಂದುಗೆ. ಬಿಂದು ಎದ್ದು ಕೈ ಚಾಚುವಷ್ಟರಲ್ಲಿ ಆ ಹುಡುಗಿ ತಾನಾಗಿಯೇ ಎದುರಿಗೆ ಬಂದಳು. ನಿಮ್ಮಲ್ಲಿ ಯಾರೂ ಅಷ್ಟೇನೂ ಓಡಿರಲಿಲ್ಲ. ಅವಳು ಎಲ್ಲಿಗೆ ಬರುತ್ತಾಳೆಂದು ಕೂತಲ್ಲೇ ನಾಲ್ಕು ಜನ ಒಟ್ಟಿಗೆ ಯೋಚಿಸಿದ್ದಿರಿ. ಈ ವರ್ಷ ನಿಮ್ಮಲ್ಲಿ ಆದ ದೊಡ್ಡ ಬೆಳವಣಿಗೆ ಇದು, ನನ್ನ ಲೆಕ್ಕದಲ್ಲಿ ತಾಲ್ಲೂಕಿನ ಕಪ್‌ಗಿಂತ ದೊಡ್ಡದು.

ಫೌಲ್ ಕಡಿಮೆಯಾದದ್ದು ಎರಡನೆಯದು. ಮುಟ್ಟದೆ ಖೋ ಕೂಗುವುದು, ಖೋ ಬರುವ ಮೊದಲೇ ಎದ್ದುಬಿಡುವುದು, ಇವು ಹೋಬಳಿ ಪಂದ್ಯದಲ್ಲಿ ನಮ್ಮನ್ನು ಕಾಡಿದ್ದವು. ಹಾಸನದಲ್ಲಿ ಎಲ್ಲೋ ಒಂದೆರಡು. ಮೇಘನಾ, ಎಂಟನೇ ಕ್ಲಾಸಿನ ನೀನು ತಂಡದಲ್ಲೇ ಎಲ್ಲರಿಗಿಂತ ಚೆನ್ನಾಗಿ ಕೂರುತ್ತೀಯ. ಪಾದ ಸರಿಯಾದ ಜಾಗದಲ್ಲಿ, ತಲೆ ಮೇಲೆ, ಕಣ್ಣು ಆಟದ ಮೇಲೆ. ದೊಡ್ಡವರು ನಿನ್ನನ್ನು ನೋಡಿ ಕಲಿಯಲಿ.

ಈಗ ಸೋತ ಪಂದ್ಯದ ವಿಷಯ. ಸ್ಕೋರ್ ಹಾಳೆ ನನ್ನ ಹತ್ತಿರ ಇದೆ. ಮೊದಲ ಇನಿಂಗ್ಸ್‌ನಲ್ಲಿ ನಮಗೆ 8, ಅವರಿಗೆ 6. ಎರಡನೆಯದರಲ್ಲಿ ಅವರು 8 ತೆಗೆದರು, ಗೆಲ್ಲಲು ನಮಗೆ 7 ಬೇಕಿತ್ತು, ಬಂದದ್ದು 5. ಒಟ್ಟು 13ಕ್ಕೆ 14. ಅಂಪೈರ್ ಕೊಟ್ಟ ಆ ಒಂದು ಔಟ್ ಬಗ್ಗೆ ಬಸ್ಸಿನಲ್ಲಿ ತುಂಬಾ ಮಾತಾಯಿತು. ಅದನ್ನು ಬಿಡಿ. ನಾವು ಸೋತದ್ದು ಎರಡು ಕಡೆ.

ಒಂದು, ನಮ್ಮ ಎರಡನೇ ಬ್ಯಾಚ್. 9 ನಿಮಿಷದ ಸರದಿಯಲ್ಲಿ ಮೊದಲ ಮೂವರು ಮೂರೂವರೆ ನಿಮಿಷ ನಿಂತರು, ಕೊನೆಯ ಬ್ಯಾಚ್ ನಾಲ್ಕು ನಿಮಿಷ ಆಡಿ ಕೊಟ್ಟದ್ದು ಎರಡೇ ಅಂಕ. ನಡುವಿನ ಮೂವರು ಒಂದೂವರೆ ನಿಮಿಷಕ್ಕೆ ಖಾಲಿ. ಚಂದನಾ, ಸ್ಫೂರ್ತಿ, ರಕ್ಷಿತಾ, ಇದು ನಿಮಗೇ. ಮೂವರೂ ಒಳಗೆ ಬಂದ ತಕ್ಷಣ ಚೈನ್ ಶುರು ಮಾಡಿದಿರಿ. ಮೂವರೂ ಒಂದೇ ಕಡೆ ಇದ್ದರೆ ಬೆನ್ನಟ್ಟುವವರಿಗೆ ಹಬ್ಬ. ಒಬ್ಬಳು ಪೋಲ್ ಹತ್ತಿರ ರಿಂಗ್ ಆಡುತ್ತಾ ಅವರನ್ನು ಅಲ್ಲೇ ಹಿಡಿದಿಡಬೇಕು, ಇನ್ನಿಬ್ಬರು ಆ ಹೊತ್ತಿಗೆ ಉಸಿರು ತೆಗೆದುಕೊಳ್ಳಬೇಕು. ನಿಮಗೆ ಇದು ಗೊತ್ತು, ಅಭ್ಯಾಸದಲ್ಲಿ ಮಾಡಿದ್ದೀರಿ. ಆದರೆ ದಣಿದಾಗ ಗೊತ್ತಿರುವುದೂ ಮರೆತುಹೋಗುತ್ತದೆ. ಚಂದನಾ, ಸ್ಫೂರ್ತಿ, ನೇರವಾಗಿ ಹೇಳುತ್ತೇನೆ. ಪಂದ್ಯ ಆಡಿಸುವ ದಿನ ನೀವಿಬ್ಬರೂ ತಪ್ಪದೆ ಬರುತ್ತಿದ್ದಿರಿ, ಬರೀ ಓಟ ಇರುವ ದಿನ ಕಾಣುತ್ತಿರಲಿಲ್ಲ. ನಿಮ್ಮ ಕಾಲಿನ ಚುರುಕು ಈ ತಂಡದಲ್ಲಿ ಬೇರೆ ಯಾರಿಗೂ ಇಲ್ಲ, ಆ ಚುರುಕು ಎರಡನೇ ನಿಮಿಷದಲ್ಲೂ ಉಳಿಯಬೇಕಾದರೆ ಆ ಬೇಸರದ ಓಟ ಬೇಕೇ ಬೇಕು.

ಎರಡು, ಕೊನೆಯ ಎರಡು ನಿಮಿಷ. ಎರಡು ಅಂಕ ತೆಗೆದರೆ ಗೆಲುವು ಎನ್ನುವಾಗ ನೀವು ಖೋ ಕೊಡುವುದನ್ನೇ ನಿಲ್ಲಿಸಿದಿರಿ. ಒಬ್ಬೊಬ್ಬಳೂ ‘ನಾನೇ ಹಿಡಿದುಬಿಡುತ್ತೇನೆ’ ಎಂದು ಓಡಿದಿರಿ. ಮತ್ತೆ ಜೂನ್‌ನ ಆಟ. ಆಸೆ ತಪ್ಪಲ್ಲ, ಗೆಲ್ಲಬೇಕೆಂಬ ಹಟ ನನಗೂ ಇಷ್ಟ. ಆದರೆ ಪಕ್ಕದಲ್ಲಿ ಕೂತವಳ ಮೇಲೆ ನಂಬಿಕೆ ಬೇಕಾಗಿದ್ದು ಆ ಎರಡು ನಿಮಿಷದಲ್ಲೇ. ಗೆಲ್ಲುತ್ತಿರುವಾಗ ಎಲ್ಲರೂ ಒಬ್ಬರಿಗೊಬ್ಬರು ಖೋ ಕೊಡುತ್ತಾರೆ. ಮುಂದಿನ ವರ್ಷ ವಾರಕ್ಕೊಮ್ಮೆ ನಾವು ಬರೀ ಇದನ್ನೇ ಆಡುತ್ತೇವೆ. ಗೆಲ್ಲಲು ಎರಡು ಅಂಕ ಬೇಕು, ಎರಡು ನಿಮಿಷ ಬಾಕಿ, ಸೀಟಿ ಊದುತ್ತೇನೆ, ಶುರು.

ಶ್ರಮದ ಬಗ್ಗೆ ಹಾಜರಿ ಪುಸ್ತಕ ಒಂದನ್ನೇ ನೋಡಿ ನಾನು ತೀರ್ಮಾನ ಮಾಡುವುದಿಲ್ಲ. ಹೊಗೆಸೊಪ್ಪು ಕಟ್ಟುವ ದಿನಗಳಲ್ಲಿ ಬಿಂದು, ರಕ್ಷಿತಾ ಇಬ್ಬರೂ ರಾತ್ರಿ ಎಷ್ಟು ಹೊತ್ತಿನವರೆಗೆ ಕೂತಿರುತ್ತಾರೆಂದು ನನಗೆ ಗೊತ್ತು. ಬೆಳಗ್ಗೆ ಕೆಂಪು ಕಣ್ಣಲ್ಲಿ ಬಂದರೂ ಓಡುತ್ತಿದ್ದರು. ಹರ್ಷಿತಾ ಡೇರಿಗೆ ಹಾಲು ಹಾಕಿ, ರಾಮನಾಥಪುರದ ಬಸ್ಸು ಹಿಡಿದು ಬರುತ್ತಿದ್ದಳು. ಬಸ್ಸು ತಡವಾದ ದಿನ ಬಾಗಿಲಿನಿಂದಲೇ ಓಡುತ್ತಾ ಬಂದು, ಆಗಲೇ ತನ್ನ ವಾರ್ಮಪ್ ಆಗಿದೆ ಎನ್ನುತ್ತಿದ್ದಳು. ಹರ್ಷಿತಾ, ಜಿಲ್ಲಾ ಪಂದ್ಯದ ಆ ನಾಲ್ಕು ನಿಮಿಷದಲ್ಲಿ ಕೊನೆಯವರೆಗೂ ಔಟಾಗದೆ ಉಳಿದದ್ದು ನೀನು. ಅದೇನೂ ಅದೃಷ್ಟವಲ್ಲ.

ಇನ್ನೊಂದು ಮಾತು, ಇದನ್ನು ಸಂಕೋಚವಿಲ್ಲದೆ ಓದಿ. ಮುಟ್ಟಾದ ದಿನ ‘ಅಜ್ಜಿ ಮನೆಗೆ ಹೋಗಿದ್ದೆ’ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಅಗತ್ಯವಿಲ್ಲ. ಇದ್ದದ್ದನ್ನು ಹೇಳಿ. ಆಡಲು ಆಗುತ್ತದೆ ಅನ್ನಿಸಿದರೆ ಆಡಿ, ಇಲ್ಲವಾದರೆ ಬಂದು ಕೂತು ಆಟ ನೋಡಿ, ಅದೂ ಅಭ್ಯಾಸವೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ, ಊಟವಾದ ಮೇಲೆ ನುಂಗಿ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಓಡಲು ಬರಬೇಡಿ, ಒಂದು ಬಾಳೆಹಣ್ಣಾದರೂ ಸಾಕು.

ಕಾವ್ಯ, ನಾಯಕಿ ಎಂದರೆ ಟಾಸ್‌ಗೆ ಹೋಗುವವಳು ಎಂದುಕೊಂಡಿದ್ದೆ ನೀನು. ತಾಲ್ಲೂಕು ಪಂದ್ಯಕ್ಕೆ ಮೊದಲು ನೀನಾಗಿಯೇ ಬಂದು ‘ಮಿಸ್, ನನ್ನನ್ನು ಮೂರನೇ ಬ್ಯಾಚಿಗೆ ಹಾಕಿ, ಅಲ್ಲಿ ಚಿಕ್ಕವರು ಹೆದರುತ್ತಿದ್ದಾರೆ’ ಎಂದೆ. ಮೊದಲ ಬ್ಯಾಚಿನ ಹೆಸರು ಬಿಟ್ಟುಕೊಟ್ಟೆ. ನಾಯಕಿಯಾದದ್ದು ಅವತ್ತು. ಈಗ ನಿನ್ನ ಗುರಿ ಮಾರ್ಚ್‌ನ ಎಸ್‌ಎಸ್‌ಎಲ್‌ಸಿ, ಅದರಲ್ಲೂ ಗಣಿತ. ಪಿಯುಸಿಗೆ ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋಗುವ ಆಸೆ ಇದ್ದರೆ ಅಪ್ಪನನ್ನು ಕರೆದುಕೊಂಡು ಬಾ, ಕೂತು ಮಾತಾಡೋಣ. ಪಲ್ಲವಿಗೂ ಇದೇ ಮಾತು. ಪಲ್ಲವಿ, ನೀನು ಖೋ ಕೊಟ್ಟ ಮೇಲೆ ತಕ್ಷಣ ಕೂರುತ್ತೀಯ, ಒಂದು ಕ್ಷಣವೂ ಹಾಳು ಮಾಡುವುದಿಲ್ಲ. ಚಿಕ್ಕದೆನಿಸಿದರೂ ನಿನ್ನ ಜಾಗ ತುಂಬುವವಳನ್ನು ಹುಡುಕುವುದು ನನಗೆ ಕಷ್ಟವಾಗಲಿದೆ.

ಭೂಮಿಕಾ, ನಿನ್ನ ಪೋಲ್ ಡೈವ್‌ಗೆ ಹಾಸನದಲ್ಲಿ ಬೇರೆ ಶಾಲೆಯವರೂ ಚಪ್ಪಾಳೆ ಹೊಡೆದರು. ಎಲ್ಲ ಡೈವ್‌ಗಳೂ ಬಲಗಡೆಯಿಂದ. ಸೆಮಿಫೈನಲ್ ತಂಡ ಇದನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿದು ನಿನ್ನನ್ನು ಎಡಗಡೆಗೇ ಎಳೆಯಿತು. ಬೇಸಿಗೆಯಲ್ಲಿ ಎಡಗೈಯಲ್ಲಿ ಪೋಲ್ ಹಿಡಿದು ಬೀಳುವುದನ್ನು ಮರಳಿನ ಮೇಲೆ ಕಲಿ, ಮಣ್ಣಿಗೆ ಆಮೇಲೆ ಬಾ. ಮೊಣಕೈ ಗಾಯವನ್ನು ಮುಚ್ಚಿಟ್ಟುಕೊಂಡು ಆಡಿದೆಯಲ್ಲ, ಇನ್ನು ಹಾಗೆ ಮಾಡಬೇಡ.

ಆಯೇಷಾ, ಹಿಡಿಯಬಹುದಾದವಳನ್ನು ಬಿಟ್ಟು ಖೋ ಕೊಡುವುದು ನಿನಗೆ ಎಷ್ಟು ಕಷ್ಟವಾಗಿತ್ತೆಂದು ನಾನು ಬಲ್ಲೆ. ಕಲಿತೆ. ಮುಂದಿನ ವರ್ಷ ತಂಡದ ನಾಯಕಿ ನೀನು. ನಂದಿನಿ ಉಪನಾಯಕಿ. ನಂದಿನಿ, ನಿನ್ನ ಆಟದಲ್ಲಿ ಸದ್ಯಕ್ಕೆ ನಾನು ಬದಲಿಸುವುದು ಒಂದನ್ನೇ, ಖೋ ಎಂದು ಕೂಗುವ ದನಿ. ಮೈದಾನದ ಗದ್ದಲದಲ್ಲಿ ಅಂಪೈರ್ ಕಿವಿಗೆ ಬೀಳಬೇಕು.

ರಮ್ಯಾ, ನಿನಗೆ ಈ ವರ್ಷ ಆಡಲು ಸಿಕ್ಕಿದ್ದು ಕಡಿಮೆ. ಬೇಸರವಾಗಿದೆ, ಆಗಬೇಕಾದದ್ದೇ. ಆದರೆ ಬೆಂಚಿನಲ್ಲಿ ಕೂತು ನೀನು ಏನು ಮಾಡುತ್ತಿದ್ದೆ ಎಂದು ಎಲ್ಲರಿಗೂ ತಿಳಿಯಲಿ. ತಾಲ್ಲೂಕು ಫೈನಲ್‌ನಲ್ಲಿ ಆ ಎತ್ತರದ ಹುಡುಗಿ ಪ್ರತಿ ಸಲವೂ ಪೋಲ್‌ನಿಂದ ಮೂರನೇ ಚೌಕಕ್ಕೆ ಬಂದು ತಿರುಗುತ್ತಾಳೆಂದು ಮೊದಲು ಗುರುತಿಸಿದವಳು ರಮ್ಯಾ. ಅವಳು ಹೇಳಿದ್ದಕ್ಕೇ ಬಿಂದು ಅಲ್ಲಿ ಸಿದ್ಧವಾಗಿ ಕೂತಿದ್ದಳು. ಜೂನ್‌ನಲ್ಲಿ ಕಾವ್ಯಳ ಜಾಗಕ್ಕೆ ನಾನು ಮೊದಲು ಆಡಿಸಿ ನೋಡುವುದು ನಿನ್ನನ್ನು. ಜಾಗ ಉಳಿಸಿಕೊಳ್ಳುವುದು ನಿನ್ನ ಓಟದ ಮೇಲಿದೆ.

ಜನವರಿ 19ರಂದು ದೆಹಲಿಯಲ್ಲಿ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ ‘78 ಅಂಕ ಹೇಗೆ ಬಂತು ಮಿಸ್’ ಎಂದು ಕೇಳಿದ್ದಿರಿ. ಅಲ್ಲಿ ಒಬ್ಬಳನ್ನು ಔಟ್ ಮಾಡಿದರೆ ಎರಡು ಅಂಕ, ಆಟ ಮ್ಯಾಟ್ ಮೇಲೆ. ಆ ತಂಡದಲ್ಲಿದ್ದ ಚೈತ್ರಾ ನಮ್ಮ ಮೈಸೂರು ವಿಭಾಗದವರೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ವಿಭಾಗ ಮಟ್ಟಕ್ಕೆ ಹೋದರೆ ನಾವು ಎದುರಿಸಬೇಕಾದದ್ದು ಅಂಥ ಊರುಗಳ ಮಕ್ಕಳನ್ನು. ಅವರು ನಮ್ಮಂತೆಯೇ ಮಣ್ಣಿನಲ್ಲಿ ಆಡಿ ಬಂದವರು. ಹಾಗಾಗಿ ಮುಂದಿನ ವರ್ಷದ ಗುರಿಯನ್ನು ಈಗಲೇ ಬರೆದಿಡುತ್ತೇನೆ: ಜಿಲ್ಲೆ ಗೆದ್ದು ವಿಭಾಗಕ್ಕೆ ಹೋಗುವುದು. ಅದಕ್ಕೆ ಮೂರೂ ಬ್ಯಾಚ್ ತಲಾ ಮೂರು ನಿಮಿಷ ನಿಲ್ಲಬೇಕು. ಹಾಗೆ ನಿಂತರೆ ಎದುರಾಳಿಗೆ ಒಂಬತ್ತಕ್ಕಿಂತ ಹೆಚ್ಚು ಅಂಕ ಸಿಗುವುದಿಲ್ಲ, ಉಳಿದದ್ದು ನಮ್ಮ ಕೈಯಲ್ಲಿ.

ಎಂಟು, ಒಂಬತ್ತನೇ ಕ್ಲಾಸಿನವರು ಜನವರಿಯಿಂದ ವಾರಕ್ಕೆ ಮೂರು ದಿನ ಬನ್ನಿ, ಮಂಗಳವಾರ, ಗುರುವಾರ, ಶನಿವಾರ. ಪರೀಕ್ಷೆಗೆ ಹದಿನೈದು ದಿನ ಇರುವಾಗ ನಿಲ್ಲಿಸುತ್ತೇವೆ. ಬೇಸಿಗೆ ರಜೆಯಲ್ಲಿ ದಿನವೂ ಹಗ್ಗ ಜಿಗಿತ, ಗದ್ದೆ ಬದುವಿನ ಮೇಲೆ ಓಟ. ಹತ್ತನೆಯವರು ಪರೀಕ್ಷೆ ಮುಗಿಯುವವರೆಗೆ ಮೈದಾನಕ್ಕೆ ಬರುವುದು ಬೇಡ, ಸಂಜೆ ಅರ್ಧ ಗಂಟೆ ನಡೆದರೆ ಸಾಕು.

ಸೋಮವಾರ ಎಲ್ಲರೂ ಜರ್ಸಿ ಒಗೆದು, ಮಡಿಸಿ ತಂದು ಸ್ಟಾಫ್ ರೂಮಿನಲ್ಲಿ ಕೊಡಿ. ಸ್ಫೂರ್ತಿ, ನಿನ್ನದರ ತೋಳು ಹರಿದಿದೆ, ಅಮ್ಮನ ಹತ್ತಿರ ಒಂದು ಹೊಲಿಗೆ ಹಾಕಿಸು.

ಪ್ರೀತಿಯಿಂದ,
ನಿಮ್ಮ ಪಿ.ಟಿ. ಮಿಸ್